ಬುಡ ಕಾಣದ ಸ್ತಂಭ: ಕೊಬ್ಬರಿ ಬೆಂಬಲ ಬೆಲೆಯ ಸ್ತಂಭಾಲೇಖವನ್ನು ಓದಿಸಿದ ಒಂದು ಪಾಠ

‘ದತ್ತಾಂಶಗಳ ನಿರ್ವಹಣೆ’ ಘಟಕದಲ್ಲಿ ನಾವು ಹೆಚ್ಚಾಗಿ ಸ್ತಂಭಾಲೇಖ ಎಳೆಯುವುದನ್ನು ಕಲಿಸುತ್ತೇವೆ. ಪ್ರಮಾಣ ಆರಿಸು, ಅಕ್ಷಗಳಿಗೆ ಹೆಸರು ಬರೆ, ಸ್ತಂಭಗಳ ಅಗಲ ಸಮನಾಗಿರಲಿ, ನಡುವಿನ ಜಾಗವೂ ಸಮನಾಗಿರಲಿ ಎಂದು ಹೇಳುವುದರಲ್ಲಿ ಒಂದು ಅವಧಿ ಮುಗಿಯುತ್ತದೆ. ಬೇರೆಯವರು ಎಳೆದ ಸ್ತಂಭಾಲೇಖವನ್ನು ಓದಿ, ಅದರ ಮೇಲೆ ಬರೆದಿರುವ ಮಾತು ನಿಜವೇ ಎಂದು ಕೇಳುವ ಅಭ್ಯಾಸಕ್ಕೆ ಸಮಯ ಉಳಿಯುವುದಿಲ್ಲ. ಆದರೆ ಮಕ್ಕಳು ಶಾಲೆ ಬಿಟ್ಟ ಮೇಲೆ ಸ್ತಂಭಾಲೇಖ ಎಳೆಯುವುದು ಅಪರೂಪ. ಪತ್ರಿಕೆಯಲ್ಲಿ, ಕರಪತ್ರದಲ್ಲಿ, ಮೊಬೈಲಿನಲ್ಲಿ ನೋಡುವುದಂತೂ ದಿನನಿತ್ಯ. ಹಾಗಾಗಿ ತುರುವೇಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ಎಂಟನೇ ತರಗತಿಯ ಎರಡು ಅವಧಿಗಳನ್ನು ಓದುವುದಕ್ಕೇ ಮೀಸಲಿಟ್ಟೆ. ಅದರಲ್ಲೂ ಒಂದೇ ಒಂದು ಅಂಶಕ್ಕೆ: ಲಂಬ ಅಕ್ಷ ಸೊನ್ನೆಯಿಂದ ಶುರುವಾಗದೆ ನಡುವೆ ಎಲ್ಲಿಂದಲೋ ಶುರುವಾದಾಗ ಏನಾಗುತ್ತದೆ ಎಂಬುದಕ್ಕೆ.

ದತ್ತಾಂಶಕ್ಕಾಗಿ ದೂರ ಹುಡುಕಬೇಕಾಗಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ಕೊಬ್ಬರಿಯ ಬೆಲೆ ಪಾಠದ ವಿಷಯವಲ್ಲ, ಮನೆಯ ವಿಷಯ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಸದ್ದು ಮಾಡುವ ತನಕ ಕಾಯುವುದು ಅವರಿಗೆ ಗೊತ್ತು. ಈ ಉಂಡೆ ಕೊಬ್ಬರಿಗೂ, ಎಣ್ಣೆ ಗಾಣಕ್ಕೆ ಹೋಗುವ ಕೊಬ್ಬರಿಗೂ ಕೇಂದ್ರ ಸರ್ಕಾರ ಪ್ರತಿ ವರ್ಷ ಬೇರೆ ಬೇರೆ ಕನಿಷ್ಠ ಬೆಂಬಲ ಬೆಲೆ ಪ್ರಕಟಿಸುತ್ತದೆ. ಕ್ವಿಂಟಲ್ ಉಂಡೆ ಕೊಬ್ಬರಿಗೆ ನಿಗದಿಯಾದ ಬೆಂಬಲ ಬೆಲೆಯನ್ನು ನಾನು ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ:

2020 – 10,300 ರೂಪಾಯಿ
2021 – 10,600
2022 – 11,000
2023 – 11,750
2024 – 12,000
2025 – 12,100

ಬೆಂಬಲ ಬೆಲೆ ಮತ್ತು ಮಾರುಕಟ್ಟೆ ಬೆಲೆ ಬೇರೆ ಬೇರೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕಾಯಿತು. 2023ರಲ್ಲಿ ತಿಪಟೂರಿನ ಹರಾಜಿನ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು, ಜನ ಖರೀದಿ ಕೇಂದ್ರಗಳ ಮುಂದೆ ನಿಂತಿದ್ದರು. 2025ರಲ್ಲಿ ಹರಾಜಿನ ಬೆಲೆ ಬೆಂಬಲ ಬೆಲೆಯನ್ನು ಬಹಳ ಹಿಂದೆ ಬಿಟ್ಟು ಮೇಲೆ ಹೋಯಿತು. ನಮ್ಮ ಪಟ್ಟಿಯಲ್ಲಿರುವುದು ಸರ್ಕಾರ ಘೋಷಿಸಿದ ಕನಿಷ್ಠ ಬೆಲೆ ಮಾತ್ರ. ಈ ವ್ಯತ್ಯಾಸವನ್ನು ಹೇಳದೆ ಪಾಠ ಆರಂಭಿಸಿದರೆ ಮಕ್ಕಳು “ನಮ್ಮಪ್ಪ ಅಷ್ಟಕ್ಕೆ ಮಾರಲಿಲ್ಲ ಮಿಸ್” ಎಂದು ಪಟ್ಟಿಯನ್ನೇ ತಳ್ಳಿಹಾಕುತ್ತಾರೆ. ಅದು ಸಹಜವೂ ಹೌದು.

ಒಂದೇ ಪಟ್ಟಿ, ಎರಡು ಚಿತ್ರ

ತರಗತಿಯನ್ನು ಎರಡು ಗುಂಪು ಮಾಡಿ, ಎರಡಕ್ಕೂ ಇದೇ ಪಟ್ಟಿಯನ್ನು ಮತ್ತು ಒಂದೊಂದು ನಕ್ಷೆಯ ಹಾಳೆಯನ್ನು ಕೊಟ್ಟೆ. ಮೊದಲ ಗುಂಪಿಗೆ ಅಕ್ಷ ಸೊನ್ನೆಯಿಂದ ಶುರುವಾಗಲಿ, 1 ಸೆಂ.ಮೀ.ಗೆ 1,000 ರೂಪಾಯಿ ಎಂದು ಹೇಳಿದೆ. ಅವರ ಸ್ತಂಭಗಳ ಎತ್ತರ 10.3, 10.6, 11, 11.75, 12 ಮತ್ತು 12.1 ಸೆಂ.ಮೀ. ಬಂತು. ಎರಡನೆಯ ಗುಂಪಿಗೆ ಅಕ್ಷದ ಬುಡದಲ್ಲಿ 10,000 ಎಂದು ಬರೆದು ಅಲ್ಲಿಂದ ಎಣಿಸಿ, 1 ಸೆಂ.ಮೀ.ಗೆ 200 ರೂಪಾಯಿ ಎಂದೆ. ಅವರ ಸ್ತಂಭಗಳು 1.5, 3, 5, 8.75, 10 ಮತ್ತು 10.5 ಸೆಂ.ಮೀ. ಆದವು.

ಎರಡೂ ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಮೊದಲನೆಯದರಲ್ಲಿ ಆರು ಸ್ತಂಭಗಳು ಹೆಚ್ಚುಕಡಿಮೆ ಒಂದೇ ಎತ್ತರದ ಕಂಬಗಳಂತೆ ನಿಂತಿದ್ದವು, ಬಲಕ್ಕೆ ಹೋದಂತೆ ಸ್ವಲ್ಪ ಏರು. ಎರಡನೆಯದರಲ್ಲಿ ಎಡಗಡೆ ಮೊಳಕೆ, ಬಲಗಡೆ ಮರ. ಎರಡನೆಯ ಹಾಳೆಯ ನೆತ್ತಿಯ ಮೇಲೆ ನಾನೇ ‘ಐದೇ ವರ್ಷದಲ್ಲಿ ಗಗನಕ್ಕೇರಿದ ಕೊಬ್ಬರಿ ಬೆಂಬಲ ಬೆಲೆ!’ ಎಂದು ದಪ್ಪಕ್ಷರದಲ್ಲಿ ಬರೆದೆ. ಆಮೇಲೆ ಅಂಕಿಗಳ ಪಟ್ಟಿಯನ್ನು ಅಳಿಸಿ, 2020ಕ್ಕೆ ಹೋಲಿಸಿದರೆ 2025ರಲ್ಲಿ ಬೆಲೆ ಎಷ್ಟಾಗಿದೆ ಎಂದು ಎರಡನೆಯ ಹಾಳೆಯನ್ನು ತೋರಿಸಿ ಕೇಳಿದೆ. ಹಿಂದಿನ ಸಾಲಿನ ಹುಡುಗ ಎದ್ದು ಬಂದು ಅಳತೆಪಟ್ಟಿ ಹಿಡಿದು, “ಏಳ್ ಪಟ್ಟು ಆಗೈತೆ ಮಿಸ್” ಎಂದ. ಅವನ ಅಳತೆ ತಪ್ಪಲ್ಲ. 10.5 ಸೆಂ.ಮೀ. ಎಂಬುದು 1.5 ಸೆಂ.ಮೀ.ನ ಏಳು ಪಟ್ಟೇ. ಅವನು ಸ್ತಂಭಾಲೇಖವನ್ನು ನಾವು ಕಲಿಸಿದ ಹಾಗೆಯೇ ಓದಿದ್ದ: ಉದ್ದ ಎಷ್ಟೋ, ಬೆಲೆ ಅಷ್ಟು.

ತೊಂದರೆ ಇರುವುದು ಅಲ್ಲೇ. ಸ್ತಂಭಾಲೇಖ ಮಾತಾಡುವುದು ಉದ್ದದ ಭಾಷೆಯಲ್ಲಿ. ಒಂದು ಸ್ತಂಭ ಇನ್ನೊಂದರ ಎರಡರಷ್ಟು ಉದ್ದ ಇದ್ದರೆ ಅದರ ಬೆಲೆಯೂ ಎರಡರಷ್ಟು ಎಂಬುದೇ ಅದರ ಒಪ್ಪಂದ. ಆ ಒಪ್ಪಂದ ನಿಲ್ಲಬೇಕಾದರೆ ಸ್ತಂಭದ ಬುಡ ಸೊನ್ನೆಯಲ್ಲಿರಬೇಕು. ಬುಡವನ್ನು 10,000ಕ್ಕೆ ಎತ್ತಿಟ್ಟ ಕೂಡಲೇ ಸ್ತಂಭದ ಉದ್ದ ಬೆಲೆಯನ್ನು ತೋರಿಸುವುದು ಬಿಟ್ಟು, ‘ಬೆಲೆ ಕಳೆಯಿರಿ 10,000’ ಎಂಬುದನ್ನು ತೋರಿಸತೊಡಗುತ್ತದೆ. 300ರ ಪಕ್ಕದಲ್ಲಿ 2,100. ಅದಕ್ಕೇ ಏಳು ಪಟ್ಟು. ನಿಜವಾದ ಏರಿಕೆ 10,300ಕ್ಕೆ 1,800 ರೂಪಾಯಿ, ಅಂದರೆ ಸುಮಾರು ಶೇಕಡ 17.5. ಐದು ವರ್ಷದಲ್ಲಿ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಇದನ್ನು ಮಕ್ಕಳಿಗೆ ಹೇಳಲು ನನಗೆ ಉಪಯೋಗಕ್ಕೆ ಬಂದದ್ದು ತೋಟದ ಉದಾಹರಣೆ. ಒಂದು ಮನೆಯ ಹಿಂದೆ ಎರಡು ತೆಂಗಿನ ಮರಗಳಿವೆ, ಒಂದು 40 ಅಡಿ, ಇನ್ನೊಂದು 42 ಅಡಿ. ಮನೆಯ ಗೋಡೆ 38 ಅಡಿ ಎತ್ತರ ಇದೆ ಎಂದುಕೊಳ್ಳಿ. ಬೀದಿಯಲ್ಲಿ ನಿಂತವನಿಗೆ ಗೋಡೆಯ ಮೇಲೆ ಒಂದು ಮರ 2 ಅಡಿ, ಇನ್ನೊಂದು 4 ಅಡಿ ಕಾಣುತ್ತದೆ. ‘ಆ ಮರ ಈ ಮರದ ಎರಡರಷ್ಟಿದೆ’ ಎಂದು ಅವನು ಹೇಳಿದರೆ ಒಪ್ಪುತ್ತೀರಾ? ಒಬ್ಬರೂ ಒಪ್ಪಲಿಲ್ಲ. “ಬುಡ ನೋಡ್ಬೇಕಲ್ಲ ಮಿಸ್” ಎಂದಳು ಒಬ್ಬ ಹುಡುಗಿ. ಅಂದಿನಿಂದ ಆ ತರಗತಿಯಲ್ಲಿ ಇದಕ್ಕೆ ‘ಬುಡ ನೋಡೋದು’ ಎಂದೇ ಹೆಸರಾಯಿತು. ಪಠ್ಯಪುಸ್ತಕದ ಭಾಷೆಗಿಂತ ಇದು ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ.

ಮುಂದಿನ ಹೆಜ್ಜೆಗೆ ಗೋಡೆಯ ಎತ್ತರವನ್ನು ಬದಲಾಯಿಸಿದೆವು. ಬುಡ ಎಲ್ಲಿದ್ದರೆ 2025ರ ಸ್ತಂಭ 2020ರ ಸ್ತಂಭದ ಎಷ್ಟು ಪಟ್ಟು ಕಾಣುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಬುಡ ಸೊನ್ನೆಯಲ್ಲಿದ್ದರೆ 1.17 ಪಟ್ಟು. 5,000ದಲ್ಲಿದ್ದರೆ 7,100ನ್ನು 5,300ರಿಂದ ಭಾಗಿಸಬೇಕು, 1.34 ಪಟ್ಟು. 9,000ದಲ್ಲಿದ್ದರೆ ಸುಮಾರು 2.4 ಪಟ್ಟು. 10,000ದಲ್ಲಿದ್ದರೆ 7 ಪಟ್ಟು. 10,200ರಲ್ಲಿದ್ದರೆ 1,900ನ್ನು 100ರಿಂದ ಭಾಗಿಸಿದಂತೆ, 19 ಪಟ್ಟು. ಬುಡದ ಬೆಲೆಯನ್ನು c, ಮೊದಲ ಬೆಲೆಯನ್ನು a, ಕೊನೆಯ ಬೆಲೆಯನ್ನು b ಎಂದಿಟ್ಟರೆ ಕಣ್ಣಿಗೆ ಕಾಣುವ ಅನುಪಾತ (b − c) / (a − c). c ಎಂಬುದು a ಗೆ ಹತ್ತಿರವಾದಷ್ಟೂ ಛೇದ ಸೊನ್ನೆಯ ಕಡೆ ಹೋಗುತ್ತದೆ, ಅನುಪಾತಕ್ಕೆ ಮಿತಿಯೇ ಇಲ್ಲ. ಬೆಲೆ ಒಂದು ರೂಪಾಯಿಯೂ ಬದಲಾಗದೆ ಚಿತ್ರ ಮಾತ್ರ ಒಂದೂಕಾಲು ಪಟ್ಟಿಗಿಂತ ಕಡಿಮೆಯಿಂದ ಹತ್ತೊಂಬತ್ತು ಪಟ್ಟಿಗೆ ಹೋಯಿತಲ್ಲ ಎಂಬುದು ಮಕ್ಕಳಿಗೆ ತುಂಬ ಹಿಡಿಸಿತು. ‘ಎಷ್ಟು ಪಟ್ಟು ಕಾಣಬೇಕು’ ಎಂಬುದನ್ನು ಕೊಬ್ಬರಿ ನಿರ್ಧರಿಸುತ್ತಿಲ್ಲ, ಚಿತ್ರ ಬರೆದವನು ನಿರ್ಧರಿಸುತ್ತಿದ್ದಾನೆ.

ಈ ಉಬ್ಬುವಿಕೆಯನ್ನು ಅಳೆಯಲು ಎಡ್ವರ್ಡ್ ಟಫ್ಟಿ ಎಂಬ ಅಮೆರಿಕದ ವಿದ್ವಾಂಸರು 1983ರ ತಮ್ಮ ಪುಸ್ತಕದಲ್ಲಿ ಒಂದು ಗುಣಕ ಕೊಟ್ಟಿದ್ದಾರೆ. ಚಿತ್ರದಲ್ಲಿ ಕಾಣುವ ಏರಿಕೆಯನ್ನು ದತ್ತಾಂಶದಲ್ಲಿರುವ ಏರಿಕೆಯಿಂದ ಭಾಗಿಸಬೇಕು, ಅಷ್ಟೆ. ನಮ್ಮ ಎರಡನೆಯ ಹಾಳೆಯಲ್ಲಿ ಸ್ತಂಭ 1.5ರಿಂದ 10.5ಕ್ಕೆ ಏರಿತು, ಅದು ಶೇಕಡ 600ರ ಏರಿಕೆ. ಬೆಲೆಯ ಏರಿಕೆ ಶೇಕಡ 17.5. ಗುಣಕ ಸುಮಾರು 34. ಪ್ರಾಮಾಣಿಕ ಚಿತ್ರದಲ್ಲಿ ಅದು 1 ಇರುತ್ತದೆ. ಎಂಟನೇ ತರಗತಿಯಲ್ಲಿ ಇದನ್ನು ನಾನು ಹೇಳಲಿಲ್ಲ, ಅವರಿಗೆ ಮೇಲಿನ ಪಟ್ಟುಗಳ ಲೆಕ್ಕವೇ ಸಾಕಿತ್ತು. ನಮ್ಮ ಸಹಪಾಠಿಗಳಿಗೆ ಪಾಠೋಪಕರಣ ಪರಿಶೀಲಿಸುವಾಗ ಉಪಯೋಗವಾಗಬಹುದು ಎಂದು ಇಲ್ಲಿ ಬರೆದಿದ್ದೇನೆ.

ಅಳತೆಪಟ್ಟಿಯಿಂದ ಬುಡ ಹುಡುಕುವುದು

ಅಕ್ಷದ ಮೇಲೆ ಅಂಕಿಗಳಿದ್ದರೆ ಕೆಲಸ ಸುಲಭ, ಕೆಳಗಿನ ಅಂಕಿ ನೋಡಿದರಾಯಿತು. ಆದರೆ ಕರಪತ್ರಗಳಲ್ಲಿ ಅನೇಕ ಸಲ ಅಕ್ಷವನ್ನೇ ಅಳಿಸಿ, ಪ್ರತಿ ಸ್ತಂಭದ ತಲೆಯ ಮೇಲೆ ಅದರ ಬೆಲೆಯನ್ನು ಮಾತ್ರ ಬರೆದಿರುತ್ತಾರೆ. ಆಗ ಬುಡ ಎಲ್ಲಿದೆ ಎಂದು ಹೇಗೆ ತಿಳಿಯುವುದು? ಎರಡನೆಯ ಅವಧಿಯನ್ನು ನಾನು ಈ ಪ್ರಶ್ನೆಗೆ ಇಟ್ಟೆ. ಇಡೀ ಪಾಠದಲ್ಲಿ ಹೆಚ್ಚು ಗಣಿತ ನಡೆದದ್ದೂ ಇಲ್ಲೇ.

ಎರಡನೆಯ ಹಾಳೆಯ ಒಂದು ಪ್ರತಿಯಲ್ಲಿ ಅಕ್ಷದ ಅಂಕಿಗಳನ್ನು ಕಾಗದ ಅಂಟಿಸಿ ಮುಚ್ಚಿದೆ. ಸ್ತಂಭಗಳ ಮೇಲೆ ಬೆಲೆ ಮಾತ್ರ ಉಳಿಯಿತು. ಮಕ್ಕಳು ಮೊದಲ ಸ್ತಂಭವನ್ನು ಅಳೆದರು: 1.5 ಸೆಂ.ಮೀ., ಬೆಲೆ 10,300. ಕೊನೆಯ ಸ್ತಂಭ: 10.5 ಸೆಂ.ಮೀ., ಬೆಲೆ 12,100. ಉದ್ದದ ವ್ಯತ್ಯಾಸ 9 ಸೆಂ.ಮೀ., ಬೆಲೆಯ ವ್ಯತ್ಯಾಸ 1,800 ರೂಪಾಯಿ. ಹಾಗಾದರೆ 1 ಸೆಂ.ಮೀ.ಗೆ 200 ರೂಪಾಯಿ. ಮೊದಲ ಸ್ತಂಭದ 1.5 ಸೆಂ.ಮೀ. ಎಂದರೆ 300 ರೂಪಾಯಿ. ಅದರ ತಲೆ 10,300ರಲ್ಲಿದೆ, ಅಲ್ಲಿಂದ 300 ಕೆಳಗಿಳಿದರೆ ಬುಡ 10,000. ಮುಚ್ಚಿದ ಕಾಗದ ತೆಗೆದು ತೋರಿಸಿದಾಗ ಅಂಕಿ ಸರಿಯಾಗಿತ್ತು.

ಒಂದು ಹೆಜ್ಜೆ ಇನ್ನೂ ಬೇಕು, ಅದನ್ನು ಬಿಡಬಾರದು. ಎರಡು ಸ್ತಂಭಗಳಿಂದ ಸಿಕ್ಕ ಪ್ರಮಾಣ ಮೂರನೆಯದಕ್ಕೂ ಹೊಂದುತ್ತದೆಯೇ ಎಂದು ನೋಡಬೇಕು. 2022ರ ಬೆಲೆ 11,000, ಬುಡದಿಂದ 1,000 ಮೇಲೆ, ಅಂದರೆ ಸ್ತಂಭ 5 ಸೆಂ.ಮೀ. ಇರಬೇಕು. ಅಳೆದರೆ 5 ಇತ್ತು. ಇದು ಹೊಂದದಿದ್ದರೆ ಎರಡು ಸಾಧ್ಯತೆ: ಅಕ್ಷದ ಪ್ರಮಾಣ ಎಲ್ಲೆಡೆ ಸಮನಾಗಿಲ್ಲ, ಅಥವಾ ಸ್ತಂಭಗಳನ್ನು ಅಂಕಿಗೆ ತಕ್ಕಂತೆ ಎಳೆದೇ ಇಲ್ಲ, ಅಂದಾಜಿನಲ್ಲಿ ಅಲಂಕಾರಕ್ಕೆ ಎಳೆದಿದ್ದಾರೆ. ಓರೆಯಾಗಿ ಮೂರು ಆಯಾಮದಲ್ಲಿ ತೋರಿಸಿದ ಸ್ತಂಭಗಳಿಗೆ ಈ ವಿಧಾನ ನಡೆಯುವುದಿಲ್ಲ, ತಲೆ ಎಲ್ಲಿ ಬುಡ ಎಲ್ಲಿ ಎಂಬುದೇ ಅಲ್ಲಿ ಸ್ಪಷ್ಟವಿರುವುದಿಲ್ಲ. ಅಳತೆಯಲ್ಲಿ ಒಂದು ಮಿ.ಮೀ. ಆಚೀಚೆ ಆದರೂ ನಮ್ಮ ಪ್ರಮಾಣದಲ್ಲಿ 20 ರೂಪಾಯಿ ಹೆಚ್ಚುಕಡಿಮೆ ಬರುತ್ತದೆ. ಕೆಲವು ಮಕ್ಕಳಿಗೆ ಬುಡ 9,980, 10,020 ಎಂದು ಬಂತು. ಅದನ್ನು ತಪ್ಪೆಂದು ಗುರುತಿಸಬಾರದು. ‘ಸುಮಾರು 10,000’ ಎಂದು ಬರೆಯಲು ಹೇಳಿದರೆ ಅಂದಾಜಿನ ಪಾಠವೂ ಜೊತೆಗೇ ಆಗುತ್ತದೆ.

ಬುಡ ಸಿಕ್ಕ ಮೇಲೆ ಮಕ್ಕಳು ಸ್ತಂಭದ ಉದ್ದವನ್ನು ಪಕ್ಕಕ್ಕಿಟ್ಟು ಮೇಲೆ ಬರೆದ ಬೆಲೆಗಳನ್ನೇ ಹಿಡಿದು ಲೆಕ್ಕ ಮಾಡಿದರು. ಹತ್ತು ಕ್ವಿಂಟಲ್ ಉಂಡೆ ಕೊಬ್ಬರಿಗೆ 2020ರ ಬೆಂಬಲ ಬೆಲೆಯಲ್ಲಿ 1,03,000 ರೂಪಾಯಿ, 2025ರ ಬೆಲೆಯಲ್ಲಿ 1,21,000. ಹೆಚ್ಚಾದದ್ದು 18,000. ಈ 18,000 ದೊಡ್ಡದೋ ಸಣ್ಣದೋ ಎಂದು ಕೇಳಿದಾಗ ತರಗತಿಯಲ್ಲಿ ಚರ್ಚೆ ಶುರುವಾಯಿತು. ಕಾಯಿ ಕೀಳುವವರ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಈ ಐದು ವರ್ಷದಲ್ಲಿ ಯಾವುದು ಎಷ್ಟು ಏರಿತು ಎಂದು ಮನೆಯಲ್ಲಿ ಕೇಳಿಕೊಂಡು ಬರುವುದಾಗಿ ಹೇಳಿದರು. ಆ ಪ್ರಶ್ನೆಗೆ ಈ ಸ್ತಂಭಾಲೇಖದಲ್ಲಿ ಉತ್ತರವಿಲ್ಲ, ಅದು ಬೇರೆ ದತ್ತಾಂಶ. ಆದರೆ ‘ಏಳು ಪಟ್ಟು’ ಎಂದು ನಂಬಿದ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಟ್ಟದಲ್ಲಿರುವ ಕಾಯಿಯನ್ನು ಈಗ ಒಡೆಸಿ ಮಾರುವುದೋ ಇನ್ನೊಂದು ವರ್ಷ ಕಾಯುವುದೋ ಎಂದು ಯೋಚಿಸುವವರಿಗೆ ಏಳು ಪಟ್ಟಿಗೂ ಶೇಕಡ 17.5ಕ್ಕೂ ಇರುವ ಅಂತರ ಬರೀ ಅಂಕಿಯ ಅಂತರವಲ್ಲ.

ಯಾರೂ ಸುಳ್ಳು ಹೇಳದೆಯೂ ಬುಡ ಕಾಣೆಯಾಗುತ್ತದೆ

ಕತ್ತರಿಸಿದ ಅಕ್ಷವನ್ನು ಕಂಡರೆ ಮೋಸ ಎಂದು ತೀರ್ಮಾನಿಸುವುದು ಸುಲಭ. ಡ್ಯಾರೆಲ್ ಹಫ್ 1954ರಲ್ಲಿ ಅಂಕಿಅಂಶಗಳಿಂದ ಸುಳ್ಳು ಹೇಳುವ ಬಗೆಗಳ ಮೇಲೆ ಬರೆದ ಪ್ರಸಿದ್ಧ ಪುಸ್ತಕದಿಂದ ಈಚೆಗೆ ಇದನ್ನು ಕುತಂತ್ರವೆಂದೇ ವಿವರಿಸುವುದು ವಾಡಿಕೆ. ಆದರೆ ನಮ್ಮ ಗಣಕ ಕೊಠಡಿಯಲ್ಲಿ ಇದೇ ಆರು ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ, ಯಾವ ಬದಲಾವಣೆಯನ್ನೂ ಮಾಡದೆ ಸ್ತಂಭಾಲೇಖ ಕೇಳಿದಾಗ ಅದು ತಾನೇ ಅಕ್ಷವನ್ನು 9,000ದಿಂದ ಆರಂಭಿಸಿತು. 2025ರ ಸ್ತಂಭ 2020ರ ಸ್ತಂಭದ ಎರಡರಷ್ಟಕ್ಕಿಂತ ಎತ್ತರವಾಗಿ ಕಾಣುವ ಚಿತ್ರವನ್ನು ಯಾರೂ ಬೇಕೆಂದು ಬರೆದಿರಲಿಲ್ಲ.

ಇದರ ಹಿಂದೆ ಒಂದು ನಿಯಮವಿದೆ. ಎಲ್ಲ ಬೆಲೆಗಳೂ ಧನ ಸಂಖ್ಯೆಗಳಾಗಿದ್ದು, ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ವ್ಯತ್ಯಾಸ ಗರಿಷ್ಠ ಬೆಲೆಯ ಆರನೇ ಒಂದು ಭಾಗಕ್ಕಿಂತ, ಅಂದರೆ ಸುಮಾರು ಶೇಕಡ 16.67ಕ್ಕಿಂತ ಹೆಚ್ಚಿದ್ದರೆ ಎಕ್ಸೆಲ್ ಅಕ್ಷವನ್ನು ಸೊನ್ನೆಯಿಂದ ಆರಂಭಿಸುತ್ತದೆ. ಕಡಿಮೆ ಇದ್ದರೆ ಬುಡವನ್ನು ಮೇಲೆತ್ತುತ್ತದೆ. ನಮ್ಮ ಪಟ್ಟಿಯಲ್ಲಿ ವ್ಯತ್ಯಾಸ 1,800, ಗರಿಷ್ಠ 12,100. ಅದು ಶೇಕಡ 14.9 ಆಗುತ್ತದೆ, ಆದ್ದರಿಂದ ಬುಡ ಮೇಲೆ ಹೋಯಿತು. 2026ರ ಹಂಗಾಮಿಗೆ ಘೋಷಿಸಿದ 12,500ನ್ನು ಏಳನೆಯ ಸಾಲಾಗಿ ಸೇರಿಸಿ ನೋಡಿ. ವ್ಯತ್ಯಾಸ 2,200, ಗರಿಷ್ಠ 12,500, ಶೇಕಡ 17.6. ಈಗ ಅಕ್ಷ ಸೊನ್ನೆಗೆ ಇಳಿಯುತ್ತದೆ, ಬೆಟ್ಟದಂತಿದ್ದ ಚಿತ್ರ ಬಯಲಾಗುತ್ತದೆ. ಬೆಲೆ ಇನ್ನೂ 400 ರೂಪಾಯಿ ಏರಿದ ವರ್ಷವನ್ನು ಸೇರಿಸಿದ್ದರಿಂದ ಏರಿಕೆ ಕಡಿಮೆಯಾದಂತೆ ಕಾಣುವುದು ವಿಚಿತ್ರವೇ.

ಅಲ್ಲಿಗೆ ನಾವು ಪಾಠೋಪಕರಣಕ್ಕಾಗಿ ಗಣಕದಿಂದ ಮುದ್ರಿಸಿಕೊಳ್ಳುವ ಪ್ರತಿ ಸ್ತಂಭಾಲೇಖವೂ ಪರೀಕ್ಷೆಗೆ ಒಳಪಡಬೇಕು. ತಿದ್ದುವುದು ಕಷ್ಟವಲ್ಲ: ಲಂಬ ಅಕ್ಷದ ಮೇಲೆ ಬಲ ಗುಂಡಿ ಒತ್ತಿ Format Axis ತೆರೆದು, Minimum ಎಂಬಲ್ಲಿ 0 ಎಂದು ಬರೆಯಬೇಕು.

ಅಕ್ಷದ ಮೇಲೆ ಅಂಕುಡೊಂಕು ಗೆರೆ ಹಾಕಿದರೆ ಸಾಲದೇ ಎಂದು ನನ್ನ ಪಾಠ ವೀಕ್ಷಿಸಿದ ಗೆಳತಿ ಕೇಳಿದರು. ಈ ಪ್ರಶ್ನೆ ನಮ್ಮ ಪಠ್ಯಪುಸ್ತಕದಿಂದಲೇ ಬರುತ್ತದೆ. ಎನ್‌ಸಿಇಆರ್‌ಟಿಯ ಹಿಂದಿನ ಎಂಟನೇ ತರಗತಿ ಗಣಿತದಲ್ಲಿ ಹಿಸ್ಟೋಗ್ರಾಂ ಎಳೆಯುವಾಗ ಸೊನ್ನೆಯಿಂದ ಮೊದಲ ವರ್ಗಾಂತರದ ತನಕದ ಭಾಗವನ್ನು ಬಿಟ್ಟಿದ್ದೇವೆ ಎಂದು ತೋರಿಸಲು ಅಂತಹ ಗೆರೆ ಬಳಸಿದ್ದಾರೆ. ಗಮನಿಸಬೇಕಾದದ್ದು, ಅದು ಅಡ್ಡ ಅಕ್ಷದ ಮೇಲಿದೆ. ಅಡ್ಡ ಅಕ್ಷದಲ್ಲಿ ಖಾಲಿ ಜಾಗ ಬಿಟ್ಟರೆ ಆಯತಗಳೆಲ್ಲ ಎಡಕ್ಕೆ ಸರಿಯುತ್ತವೆ, ಯಾವುದರ ಎತ್ತರವೂ ಬದಲಾಗುವುದಿಲ್ಲ. ಅದೇ ಗೆರೆಯನ್ನು ಲಂಬ ಅಕ್ಷಕ್ಕೆ ತಂದರೆ ಎತ್ತರಗಳೇ ಕತ್ತರಿಸಿಹೋಗುತ್ತವೆ. ಗೆರೆ ಒಂದೇ, ಪರಿಣಾಮ ಬೇರೆ. ಮಕ್ಕಳು ಒಂದನ್ನು ನೋಡಿ ಇನ್ನೊಂದಕ್ಕೂ ಸರಿ ಎಂದುಕೊಳ್ಳುವುದರಿಂದ ಹಿಸ್ಟೋಗ್ರಾಂ ಕಲಿಸುವ ದಿನವೇ ಈ ಭೇದವನ್ನು ಹೇಳಿಬಿಡುವುದು ಒಳ್ಳೆಯದು.

ಎಚ್ಚರಿಕೆಯ ಗುರುತು ಎಷ್ಟು ಕೆಲಸ ಮಾಡುತ್ತದೆ ಎಂಬುದರ ಮೇಲೆ ಪ್ರಯೋಗಗಳೂ ನಡೆದಿವೆ. ಬ್ರೆಂಡಾ ಯಾಂಗ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷ ಕತ್ತರಿಸಿದ ಸ್ತಂಭಾಲೇಖ ನೋಡಿದವರು ವ್ಯತ್ಯಾಸವನ್ನು ಹೆಚ್ಚಾಗಿ ಅಂದಾಜಿಸಿದರು. ಇಂತಹ ಚಿತ್ರ ಹೇಗೆ ದಾರಿ ತಪ್ಪಿಸುತ್ತದೆ ಎಂದು ಮೊದಲೇ ವಿವರಿಸಿದಾಗ ಆ ತಪ್ಪು ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಕಣ್ಣು ಉದ್ದವನ್ನು ಮೊದಲು ಓದಿಬಿಡುತ್ತದೆ, ಅಂಕಿ ಆಮೇಲೆ ಬರುತ್ತದೆ. ನಾನು ಹೇಳಿಕೊಡುವುದನ್ನು ಬಿಟ್ಟು ಅಳೆಸುವುದಕ್ಕೆ ಒಂದು ಪೂರ್ತಿ ಅವಧಿ ಕೊಟ್ಟದ್ದು ಈ ಕಾರಣಕ್ಕೆ.

ಸಣ್ಣ ವ್ಯತ್ಯಾಸವೇ ಮುಖ್ಯವಾದಾಗ

ಸೊನ್ನೆಯಿಂದ ಎಳೆದ ಚಿತ್ರದಲ್ಲಿ ಏನೂ ಕಾಣುವುದಿಲ್ಲ ಎಂಬ ದೂರು ನ್ಯಾಯವಾದದ್ದು. ಮೊದಲ ಗುಂಪಿನ ಹಾಳೆ ನೋಡಿ ಒಬ್ಬಳು, “ಎಲ್ಲ ಒಂದೇ ಥರ ಐತಲ್ಲ ಮಿಸ್, ಇದ್ರಾಗೆ ಏನ್ ಗೊತ್ತಾಗ್ತೈತೆ?” ಎಂದಳು. ಒಂದು ಹರಾಜಿನಿಂದ ಇನ್ನೊಂದಕ್ಕೆ ಬೆಲೆ ನೂರಿನ್ನೂರು ರೂಪಾಯಿ ಏರಿಳಿಯುವುದನ್ನು ತೋರಿಸಬೇಕಾದರೆ ಸೊನ್ನೆಯಿಂದ ಎಳೆದ ಸ್ತಂಭಗಳು ನಿಜಕ್ಕೂ ಉಪಯೋಗವಿಲ್ಲ. ಅಂತಹ ಕಡೆ ಸ್ತಂಭವನ್ನೇ ಬಿಟ್ಟು ರೇಖಾ ನಕ್ಷೆ ಎಳೆಯಬಹುದು. ಅಲ್ಲಿ ನಾವು ಬಿಂದು ಎಲ್ಲಿದೆ ಎಂದು ನೋಡುತ್ತೇವೆ, ಉದ್ದವನ್ನಲ್ಲ. ಬುಡದ ಅಂಕಿಯನ್ನು ಸ್ಪಷ್ಟವಾಗಿ ಬರೆದು ಅಕ್ಷವನ್ನು ನಡುವಿನಿಂದ ಆರಂಭಿಸಬಹುದು. ರೋಗಿಯ ಜ್ವರದ ನಕ್ಷೆಯನ್ನು ಯಾರೂ ಸೊನ್ನೆ ಡಿಗ್ರಿಯಿಂದ ಎಳೆಯುವುದಿಲ್ಲ. ಆದರೂ ಗೆರೆಯ ಕಡಿದು ಏರನ್ನು ಕಂಡು ‘ಗಗನಕ್ಕೇರಿತು’ ಎಂದರೆ ಅಲ್ಲೂ ಬುಡ ನೋಡಲೇಬೇಕು.

ಸ್ತಂಭವೇ ಬೇಕೆಂದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ವ್ಯತ್ಯಾಸದ ಬಗ್ಗೆ ಮಾತಾಡಬೇಕಾದರೆ ವ್ಯತ್ಯಾಸವನ್ನೇ ಎಳೆಯಬೇಕು. ಹಿಂದಿನ ವರ್ಷಕ್ಕಿಂತ ಎಷ್ಟು ಏರಿತು ಎಂದು ಪಟ್ಟಿ ಮಾಡಿದರೆ 2021ರಲ್ಲಿ 300, 2022ರಲ್ಲಿ 400, 2023ರಲ್ಲಿ 750, 2024ರಲ್ಲಿ 250, 2025ರಲ್ಲಿ 100. ಇವನ್ನು ಸೊನ್ನೆಯಿಂದ, 1 ಸೆಂ.ಮೀ.ಗೆ 100 ರೂಪಾಯಿಯಂತೆ ಎಳೆದರೆ 3, 4, 7.5, 2.5 ಮತ್ತು 1 ಸೆಂ.ಮೀ.ನ ಐದು ಸ್ತಂಭಗಳು. ಯಾವ ಸ್ತಂಭದ ಬುಡವೂ ಕಳೆದುಹೋಗಿಲ್ಲ, ಉದ್ದಕ್ಕೂ ಅಂಕಿಗೂ ಇರುವ ಒಪ್ಪಂದ ಮುರಿದಿಲ್ಲ. ಜೊತೆಗೆ ಕತ್ತರಿಸಿದ ಚಿತ್ರ ಮುಚ್ಚಿಟ್ಟಿದ್ದ ಒಂದು ಸಂಗತಿ ಇಲ್ಲಿ ಎದ್ದು ಕಾಣುತ್ತದೆ. ಅಲ್ಲಿ 2025ರ ಸ್ತಂಭವೇ ಎಲ್ಲಕ್ಕಿಂತ ಎತ್ತರ, ನೋಡಿದವರಿಗೆ ಆ ವರ್ಷವೇ ದೊಡ್ಡ ಲಾಭದ ವರ್ಷ ಅನಿಸುತ್ತದೆ. ಇಲ್ಲಿ 2025ರದ್ದೇ ಎಲ್ಲಕ್ಕಿಂತ ಗಿಡ್ಡ, ಐದು ವರ್ಷಗಳಲ್ಲೇ ಕಡಿಮೆ ಏರಿಕೆ ಕೊಟ್ಟ ವರ್ಷ ಅದು. 2023ರ ನಂತರ ಏರಿಕೆ ಇಳಿಯುತ್ತ ಬಂದದ್ದು ಮಕ್ಕಳಿಗೆ ನಾನು ಹೇಳದೆಯೇ ಕಂಡಿತು.

ಘಟಕ ಪರೀಕ್ಷೆಗೆ ನಾನು ಇಟ್ಟ ಪ್ರಶ್ನೆ ಹೊಸ ದತ್ತಾಂಶದ ಮೇಲಿತ್ತು. 2025ರಲ್ಲಿ ಎಣ್ಣೆ ಗಾಣದ ಕೊಬ್ಬರಿಗೆ ಬೆಂಬಲ ಬೆಲೆ 11,582, ಉಂಡೆ ಕೊಬ್ಬರಿಗೆ 12,100. ಬುಡ 11,500ರಲ್ಲಿರುವ ಎರಡು ಸ್ತಂಭಗಳ ಚಿತ್ರ ಕೊಟ್ಟು, ‘ಉಂಡೆ ಕೊಬ್ಬರಿಗೆ ಏಳು ಪಟ್ಟಿಗಿಂತ ಹೆಚ್ಚು ಬೆಲೆ’ ಎಂಬ ಹೇಳಿಕೆಯನ್ನು ಪರೀಕ್ಷಿಸಿ ಎಂದು ಕೇಳಿದೆ. ಸ್ತಂಭಗಳ ಉದ್ದ 82 ಮತ್ತು 600 ರೂಪಾಯಿಗೆ ಸಮ ಎಂದು ಕಂಡುಹಿಡಿದು, ಅನುಪಾತ 7.3 ಹೇಗೆ ಬಂತು ಎಂದು ತೋರಿಸಿದರೆ ಅರ್ಧ ಅಂಕ. ನಿಜವಾದ ವ್ಯತ್ಯಾಸ 518 ರೂಪಾಯಿ, ಸುಮಾರು ಶೇಕಡ 4.5 ಎಂದು ಬರೆದರೆ ಉಳಿದ ಅರ್ಧ. ‘ಅಕ್ಷ ಸೊನ್ನೆಯಿಂದ ಶುರುವಾಗಿಲ್ಲ, ಆದ್ದರಿಂದ ಸುಳ್ಳು’ ಎಂದಷ್ಟೇ ಬರೆದವರಿಗೆ ನಾನು ಪೂರ್ಣ ಅಂಕ ಕೊಡಲಿಲ್ಲ. ಉಂಡೆ ಕೊಬ್ಬರಿಗೆ ಬೆಲೆ ಹೆಚ್ಚು ಎಂಬುದು ನಿಜವೇ, ಎಷ್ಟು ಹೆಚ್ಚು ಎಂಬುದನ್ನು ಉತ್ತರ ಹೇಳಬೇಕು.